ಹಸಿರು ಬಂತು, ಫೈಲ್ ಬರಲಿಲ್ಲ

ತುಮಕೂರಿನ ಒಂದು ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಭಾನುವಾರ ರಿಸೆಪ್ಷನ್ನಿನವರು ಮನೆಯಿಂದಲೇ ರೋಗಿಗಳ ಫೈಲ್ ನೋಡಿ, ಮರುದಿನ ಬರಬೇಕಾದವರಿಗೆ ಫೋನ್ ಮಾಡಲಿ ಎಂದರು ಡಾಕ್ಟರು. ಮನೆಯ ಲ್ಯಾಪ್‌ಟಾಪನ್ನು ಇಂಟರ್ನೆಟ್ ಮೂಲಕ ಕ್ಲಿನಿಕ್ಕಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಹಾಕಿದೆ. ಜೊತೆಗೆ ಒಂದೇ ಹಾಳೆಯಲ್ಲಿ ಸೂಚನೆ ಬರೆದು ಕೊಟ್ಟೆ. ಒಂದೇ ಹಾಳೆಗೆ ತಂದೆನಲ್ಲ ಎಂದು ಸುಮ್ನೆ ಬೀಗಿದ್ದೂ ಆಯಿತು.

ಮೊದಲ ಪೆಟ್ಟು ಮೂರನೇ ಸಾಲಿಗೇ ಬಿತ್ತು. "ಫೋನಿನ ಆ್ಯಪ್‌ನಲ್ಲಿ ಬರುವ ಆರು ಅಂಕಿಗಳನ್ನು ನೋಟ್ ಮಾಡಿಕೊಳ್ಳಿ" ಎಂದು ಬರೆದಿದ್ದೆ. ರಿಸೆಪ್ಷನ್ನಿನಲ್ಲಿರುವ ಕ್ಯಾತ್ಸಂದ್ರದ ಅಕ್ಕ ಹೇಳಿದ ಹಾಗೆ ಮಾಡುವವರು. ಡೈರಿ ತಂದು, ಪೆನ್ನು ಹುಡುಕಿ, ಅಂದವಾಗಿ ನೋಟ್ ಮಾಡಿಕೊಂಡರು. ವಿಪಿಎನ್‌ಗೆ ಕೊಡಬೇಕಾದ ಆ ಅಂಕಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಅವರು ಟೈಪ್ ಮಾಡುವ ಹೊತ್ತಿಗೆ ಅದು ಹಳಸಿರುತ್ತಿತ್ತು. ಸೋಮವಾರ ಡೈರಿ ತೋರಿಸಿದರು, ಒಂದು ಪುಟದ ತುಂಬಾ ಆರಾರು ಅಂಕಿ. "ಯಾವುದೂ ಸರಿ ಇಲ್ಲ ಕಣಪ್ಪ ನಿಂದು" ಎಂದರು. ತಪ್ಪು ನನ್ನದೇ, ಅಲ್ವಾ? ನೋಡಿದ ಕೂಡಲೇ ಟೈಪ್ ಮಾಡಿ ಎನ್ನಬೇಕಿತ್ತು.

ಮುಂದಿನ ಭಾನುವಾರ ಅಂಕಿ ಸರಿಯಾಯಿತು. ವಿಪಿಎನ್ ಹಸಿರಾಯಿತು. ಹಾಳೆಯ ಪ್ರಕಾರ ಬ್ರೌಸರ್‌ನಲ್ಲಿ `192.168.1.10` ಹಾಕಿದರು. ಅದು ಕ್ಲಿನಿಕ್ಕಿನ ಸರ್ವರ್ ವಿಳಾಸ. ಲಾಗಿನ್ ಪುಟವೂ ಬಂತು. ಆದರೆ ಪಾಸ್‌ವರ್ಡ್ ತಪ್ಪು ಎನ್ನುತ್ತಿದೆ ಎಂದು ನನಗೆ ಫೋನ್ ಬಂತು.

"ಅಕ್ಕ, ಪುಟದಲ್ಲಿ ಏನೇನಿದೆ ಹೇಳಿ."

"ಹೆಸರು ಹಾಕೋ ಜಾಗ, ಪಾಸ್‌ವರ್ಡ್ ಹಾಕೋ ಜಾಗ. ಮೇಲೆ ಒಂದು ಕ್ಯಾಮೆರಾ ಚಿತ್ರ."

"ನಮ್ಮ ಕ್ಲಿನಿಕ್ ಹೆಸರು?"

"ಇಲ್ಲ. ಹೊಸದಾಗಿ ಮಾಡ್ಸಿದ್ದೀರೇನೋ ಅಂದ್ಕೊಂಡೆ."

ಅಷ್ಟರಲ್ಲಿ ಹಿಂದಿನಿಂದ ಅವರ ಯಜಮಾನರ ದನಿ: "ಲೇ, ಗೇಟಿನ ಕ್ಯಾಮೆರಾ ಲಾಕ್ ಆಗಿದೆ ಕಣೇ!"

ಅಕ್ಕ ಅಷ್ಟೂ ಹೊತ್ತು ತಮ್ಮ ಮನೆಯ ಸಿಸಿಟಿವಿ ಪೆಟ್ಟಿಗೆಗೆ ಕ್ಲಿನಿಕ್ಕಿನ ಪಾಸ್‌ವರ್ಡ್ ಕೊಡುತ್ತಿದ್ದರು. ಐದಾರು ಸಲ ತಪ್ಪಾದ ಮೇಲೆ ಅದು ತಾನೇ ಬೀಗ ಹಾಕಿಕೊಂಡಿತ್ತು.

ಆಗಿದ್ದು ಇಷ್ಟು. ಮನೆಗಳಿಗೆ ಬರುವ ಬಹಳಷ್ಟು ರೂಟರ್‌ಗಳು `192.168.1` ಇಲ್ಲವೇ `192.168.0` ಎಂದು ಶುರುವಾಗುವ ವಿಳಾಸ ಹಂಚುತ್ತವೆ. ಕ್ಲಿನಿಕ್ಕಿನಲ್ಲೂ ಯಾರೋ ಡಬ್ಬದಿಂದ ತೆಗೆದ ರೂಟರನ್ನು ಹಾಗೇ ಇಟ್ಟಿದ್ದರು. ಹೀಗಾಗಿ ನಮ್ಮ ಸರ್ವರ್‌ಗಿದ್ದ ವಿಳಾಸವೇ ಅಕ್ಕನ ಮನೆಯ ಸಿಸಿಟಿವಿ ಪೆಟ್ಟಿಗೆಗೂ ಇತ್ತು. ಎಸ್.ಎಸ್. ಪುರಂನಲ್ಲಿ ನಿಂತು ಬರೀ "ಹತ್ತನೇ ನಂಬರ್ ಮನೆ" ಅಂದರೆ ಎಸ್.ಎಸ್. ಪುರಂನದೇ ತೋರಿಸುತ್ತಾರೆ, ಬೇರೆ ಬಡಾವಣೆಯದಲ್ಲ. ಲ್ಯಾಪ್‌ಟಾಪ್ ಮಾಡಿದ್ದೂ ಅದೇ. ವಿಳಾಸ ತನ್ನ ಬೀದಿಯದೇ ಅನ್ನಿಸಿದ್ದರಿಂದ ವಿಪಿಎನ್ ದಾರಿ ಹಿಡಿಯಲೇ ಇಲ್ಲ. ಹಸಿರು ಬಂದರೆ ದಾರಿ ತೆರೆದಿದೆ ಎಂದರ್ಥ. ಆ ದಾರಿಯಲ್ಲೇ ಹೋಗುತ್ತಿದ್ದೇವೆ ಎಂದಲ್ಲ.

ಖಚಿತ ಮಾಡಿಕೊಳ್ಳಲು ಮನೆಯ ವೈಫೈ ಬಿಡಿಸಿ, ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ, ವಿಪಿಎನ್ ಮತ್ತೆ ಹಾಕಿಸಿದೆ. ತಕ್ಷಣ ಕ್ಲಿನಿಕ್ಕಿನ ಪುಟ ಬಂತು. ಅವರ ಫೋನ್ ಹಂಚುತ್ತಿದ್ದದ್ದು `192.168.43` ವಿಳಾಸ, ಹಾಗಾಗಿ ಜಗಳವಿಲ್ಲ. ಆಮೇಲೆ ಅಕ್ಕನ ಪಾಸ್‌ವರ್ಡನ್ನೂ ಬದಲಾಯಿಸಿದೆ. ಬೇರೆ ಪೆಟ್ಟಿಗೆಯ ಬಾಗಿಲಲ್ಲಿ ಕೂಗಿ ಹೇಳಿದ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲವಲ್ಲ.

ಪ್ರತಿಯೊಬ್ಬರ ಮನೆಗೆ ಹೋಗಿ ರೂಟರ್ ತಿದ್ದುವುದಕ್ಕಿಂತ ಕ್ಲಿನಿಕ್ಕಿನ ಬೀದಿಗೇ ಹೆಸರು ಬದಲಿಸುವುದು ಮೇಲು. ಒಂದು ಭಾನುವಾರ ಪೂರ್ತಿ ಕೂತು ಎಲ್ಲವನ್ನೂ `10.73.20` ಎಂದು ಶುರುವಾಗುವ ವಿಳಾಸಕ್ಕೆ ತಂದೆ. ಅಷ್ಟು ವಿಚಿತ್ರ ಅಂಕಿ ಮನೆಯ ರೂಟರ್‌ನಲ್ಲಿ ಸಿಗುವುದು ಅಪರೂಪ. ಹಾಳೆಯನ್ನೂ ಹೊಸದಾಗಿ ಬರೆದೆ. ಮೊದಲು ಇಂಟರ್ನೆಟ್, ಆಮೇಲೆ ವಿಪಿಎನ್, ಕೊನೆಗೆ ಫೈಲ್. ಹಸಿರಿದ್ದೂ ಪುಟ ಬಾರದಿದ್ದರೆ ಹಾಟ್‌ಸ್ಪಾಟ್‌ನಲ್ಲಿ ನೋಡಿ, ಅಲ್ಲಿ ಬಂದರೆ ನನಗೆ ಹೇಳಿ. ಕ್ಲಿನಿಕ್ಕಿನ ಹೆಸರು ಕಾಣುವವರೆಗೆ ಪಾಸ್‌ವರ್ಡ್ ಹಾಕಬೇಡಿ. ಈ ಕೊನೆಯದರ ಕೆಳಗೆ ಎರಡು ಗೆರೆ ಎಳೆದೆ.

ಸೋಮವಾರ ಬೆಳಿಗ್ಗೆ ಹಾಳೆಗೆ ಪ್ರಿಂಟ್ ಕೊಟ್ಟೆ. ಬರಲಿಲ್ಲ. ಸರ್ವರ್, ಲ್ಯಾಬ್ ಮೆಷೀನು, ಬಿಲ್ಲಿಂಗ್ ಎಲ್ಲ ಬದಲಾಗಿತ್ತು. ಪ್ರಿಂಟರ್ ಮಾತ್ರ ಹಳೇ ಬೀದಿಯಲ್ಲೇ ಕೂತಿತ್ತು. ಹೊರಗೆ ಟೋಕನ್ ಹಿಡಿದವರ ಸಾಲು.

"ಕೊಡಿಲ್ಲಿ, ನಾನೇ ಬರೀತೀನಿ" ಎಂದು ಅಕ್ಕ ಸ್ಕೆಚ್ ಪೆನ್ ತಗೊಂಡರು. ದುಂಡಗೆ ಬರೆದು ಗೋಡೆಗೆ ಅಂಟಿಸಿದರು. ಮಧ್ಯಾಹ್ನ ಓದಿ ನೋಡಿದೆ. ಆರು ಅಂಕಿಯ ಸಾಲಿನ ಪಕ್ಕ, ನಾನು ಬರೆಯದ ಎರಡು ಮಾತು ಕೆಂಪಕ್ಷರದಲ್ಲಿ ಸೇರಿದ್ದವು: "ಡೈರಿ ಬೇಡ."