ರಿವರ್ಟ್ ಬಟನ್ ಇಲ್ಲದ ಕೆಲಸಕ್ಕೆ ಓಎಸ್‌ಸಿಪಿ ಯಾಕ್ರೀ?

ಇವತ್ತು ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತಿದ್ದೆ. ತಲೆ ಇನ್ನೂ ಬಿಸಿಯಾಗಿಯೇ ಇದೆ, ಅದಕ್ಕೇ ಇಲ್ಲಿ ಬರೆದು ಇಳಿಸಿಕೊಳ್ಳುತ್ತಿದ್ದೇನೆ.

ಹುದ್ದೆ ವಲ್ನರಬಿಲಿಟಿ ಮ್ಯಾನೇಜ್‌ಮೆಂಟ್ ಮ್ಯಾನೇಜರ್‌ದು, ಅಂದರೆ ಸಿಸ್ಟಂಗಳಲ್ಲಿ ಸಿಕ್ಕ ಭದ್ರತಾ ಲೋಪಗಳನ್ನು ಮುಚ್ಚಿಸುವ ಕೆಲಸ. ಬಂದವರು ವರ್ಷಗಟ್ಟಲೆ ಬ್ಯಾಂಕಿನ ಸರ್ವರ್‌ಗಳನ್ನು ನೋಡಿಕೊಂಡು, ಆಮೇಲೆ ಸೆಕ್ಯೂರಿಟಿಗೆ ಬಂದವರು. ಸೆಕ್ಯೂರಿಟಿ ನಿರ್ವಹಣೆಯ ಸರ್ಟಿಫಿಕೇಟ್‌ಗಳಾದ ಸಿಐಎಸ್‌ಎಸ್‌ಪಿ ಇದೆ, ಸಿಐಎಸ್‌ಎಂ ಕೂಡ ಇದೆ. ಇಲ್ಲದ್ದು ಓಎಸ್‌ಸಿಪಿ, ಮಷೀನ್‌ಗಳಿಗೆ ನುಗ್ಗಿ ತೋರಿಸುವ ಪ್ರಾಕ್ಟಿಕಲ್ ಪರೀಕ್ಷೆ. ಅವರು ಆಚೆ ಹೋದ ಕೂಡಲೇ ನಮ್ಮ ಟೀಮಿನ ಹುಡುಗ ಲ್ಯಾಪ್‌ಟಾಪ್ ಮುಚ್ಚಿದ. "ಓಎಸ್‌ಸಿಪಿ ಇಲ್ಲ ಸರ್. ಬರೀ ಟಿಕ್ ಹಾಕೋ ಪರೀಕ್ಷೆ ಪಾಸು ಮಾಡಿದ್ದಾರೆ. ರಿಜೆಕ್ಟ್." ಎಚ್‌ಆರ್ ಮೇಡಂ ಕೂಡ ತಲೆಯಾಡಿಸಿದರು, ಜಾಹೀರಾತಿನಲ್ಲಿ ಓಎಸ್‌ಸಿಪಿ ಕಡ್ಡಾಯ ಅಂತ ಅವರೇ ಹಾಕಿದ್ದಲ್ವಾ!

ಹುಡುಗ ಒಳ್ಳೆಯವನೇ, ಕೆಲಸಗಾರ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಜಾಹೀರಾತಿನ ಮೇಲೆ ಸಿಟ್ಟು.

ನನ್ನ ಹಳೇ ಗೆಳೆಯರಿಗೆ ಗೊತ್ತು, ಓಎಸ್‌ಸಿಪಿ, ಸಿಐಎಸ್‌ಎಸ್‌ಪಿ ಎರಡೂ ನನ್ನ ಹತ್ತಿರ ಇವೆ. ನಿಜ ಹೇಳಬೇಕೆಂದರೆ ಓಎಸ್‌ಸಿಪಿ ಕೊಟ್ಟ ಖುಷಿ ಇನ್ನೊಂದು ಕೊಡಲಿಲ್ಲ. ಸಿಐಎಸ್‌ಎಸ್‌ಪಿ ಪುಸ್ತಕ ನನಗೆ ನಿದ್ದೆ ಮಾತ್ರೆ. ಓಎಸ್‌ಸಿಪಿಯಲ್ಲಿ 23 ಗಂಟೆ 45 ನಿಮಿಷ ಕ್ಯಾಮೆರಾ ಮುಂದೆ ಕೂತು ಮಷೀನ್ ಒಡೆಯಬೇಕು. ಮೂರು ಬಿಡಿ ಮಷೀನ್‌ಗಳಿಗೆ ತಲಾ 20 ಅಂಕ, ಕಂಪನಿಯ ಲಾಗಿನ್‌ಗಳನ್ನೆಲ್ಲ ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿಯ ಸೆಟ್‌ಗೆ 40, ಪಾಸಾಗಲು 70. ಮೆಟಾಸ್ಪ್ಲಾಯ್ಟ್ ಎಂಬ ರೆಡಿಮೇಡ್ ದಾಳಿ ಟೂಲನ್ನು ಒಂದೇ ಮಷೀನ್ ಮೇಲೆ ಬಳಸಬಹುದು. ಅದಾದ ಮೇಲೆ ರಿಪೋರ್ಟ್ ಬರೆಯಲು ಇನ್ನೊಂದು 24 ಗಂಟೆ. ಒಳಗೆ ನುಗ್ಗಿ proof.txt ಓದಿದರೂ ಸ್ಕ್ರೀನ್‌ಶಾಟ್ ಸರಿಯಿಲ್ಲದಿದ್ದರೆ ಅಂಕ ಹೋಯಿತು. ಇಲ್ಲಿ ಬುರುಡೆ ನಡೆಯಲ್ಲ. ಅನುಮತಿ ಪಡೆದು ಸಿಸ್ಟಂ ಒಡೆದು ನೋಡುವ ಪೆನ್‌ಟೆಸ್ಟರ್ ಕೆಲಸಕ್ಕೆ ಜನ ಬೇಕಾದರೆ ನಾನೂ ಮೊದಲು ಇದನ್ನೇ ಕೇಳುತ್ತೇನೆ.

ಆದರೆ ಆ ಪರೀಕ್ಷೆಯಲ್ಲಿ ಒಂದು ರಿವರ್ಟ್ ಬಟನ್ ಇರುತ್ತದೆ. ನೀವು ಏನೋ ಮಾಡಲು ಹೋಗಿ ಸರ್ವೀಸ್ ಬಿದ್ದುಹೋಯಿತು ಅಂದುಕೊಳ್ಳಿ. ಬಟನ್ ಒತ್ತಿದರೆ ಮಷೀನ್ ಮತ್ತೆ ಹೊಸದು. ಯಾರೂ ಫೋನ್ ಮಾಡಿ ಬೈಯುವುದಿಲ್ಲ. ನಾವು ಇವತ್ತು ಜನ ಹುಡುಕುತ್ತಿದ್ದ ಹುದ್ದೆಯಲ್ಲಿ ಆ ಬಟನ್ ಇಲ್ಲ. ಆ ಹುದ್ದೆಯಲ್ಲಿ ಕೂರುವವರು ಹ್ಯಾಕಿಂಗ್ ಟೂಲ್‌ಗಳಿರುವ ಕಾಲಿ ಲಿನಕ್ಸ್ ತೆರೆಯುವುದೂ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ನಮ್ಮ ಲೈನಿನವರಿಗೆಲ್ಲ ಪರಿಚಯದ್ದೇ. ಪೆನ್‌ಟೆಸ್ಟ್ ರಿಪೋರ್ಟ್ ಬರುತ್ತದೆ. ಮೊದಲ ಪುಟದಲ್ಲೇ ಕೆಂಪು ಬಣ್ಣದಲ್ಲಿ ಕರ್ಬರೋಸ್ಟಿಂಗ್. ಅಂದರೆ, ಡೊಮೇನ್‌ನಲ್ಲಿ ಲಾಗಿನ್ ಇರುವ ಯಾವ ಸಾಮಾನ್ಯ ಉದ್ಯೋಗಿಯಾದರೂ ಸಾಫ್ಟ್‌ವೇರ್‌ಗಾಗಿಯೇ ಇಟ್ಟ ಸರ್ವೀಸ್ ಅಕೌಂಟ್ ಒಂದಕ್ಕೆ ಟಿಕೆಟ್ ಕೇಳಬಹುದು. ಆ ಟಿಕೆಟ್‌ನ ಒಂದು ಭಾಗಕ್ಕೆ ಬೀಗ ಬಿದ್ದಿರುವುದು ಆ ಅಕೌಂಟಿನ ಪಾಸ್‌ವರ್ಡ್‌ನಿಂದ ಬಂದ ಕೀಲಿಯಿಂದ. ಟಿಕೆಟ್ ಮನೆಗೆ ತಗೊಂಡು ಹೋಗಿ ಆರಾಮಾಗಿ ಪಾಸ್‌ವರ್ಡ್ ಊಹಿಸುತ್ತಾ ಕೂರಬಹುದು. ಅಕೌಂಟ್ ಲಾಕ್ ಆಗುವುದಿಲ್ಲ, ಏಕೆಂದರೆ ತಪ್ಪು ಲಾಗಿನ್ ಯಾವುದೂ ಸರ್ವರ್ ತನಕ ಹೋಗುವುದೇ ಇಲ್ಲ. ಪಾಸ್‌ವರ್ಡ್ ಸುಲಭದ್ದು, ಅಕೌಂಟ್ ಬೇರೆ ಡೊಮೇನ್ ಅಡ್ಮಿನ್ ಗುಂಪಿನಲ್ಲಿದೆ ಅಂದರೆ ಕಥೆ ಮುಗೀತು. ಇದನ್ನು ಹುಡುಕಿದ ಟೆಸ್ಟರ್‌ಗೆ ಚಪ್ಪಾಳೆ. ಪರಿಹಾರದ ಕಾಲಂನಲ್ಲಿ ಅವರು ಬರೆಯುವುದು ಇಷ್ಟೇ: svc_sql ಅಕೌಂಟಿನ ಪಾಸ್‌ವರ್ಡ್ ಬದಲಿಸಿ.

ಬದಲಿಸಿ ನೋಡಿ, ತಿಂಗಳ ಕೊನೆಯಲ್ಲಿ! ಡೈರೆಕ್ಟರಿಯಲ್ಲಿ ಪಾಸ್‌ವರ್ಡ್ ಬದಲಾಯಿತು, ಡೇಟಾಬೇಸ್ ಸರ್ವೀಸ್‌ಗೆ ಹೊಸದನ್ನು ಯಾರೂ ಕೊಟ್ಟಿಲ್ಲ ಅಂದುಕೊಳ್ಳಿ. ಹೊಸ ಕೀಲಿಯ ಟಿಕೆಟ್ ಹಿಡಿದು ಬಂದವರನ್ನು ಅದು ಒಳಗೆ ಬಿಡುವುದಿಲ್ಲ. ಯಾವನೋ ಕೆಲಸ ಬಿಟ್ಟು ಹೋದವನು ಯಾವುದೋ ಮೂಲೆಯ ಸರ್ವರ್‌ನಲ್ಲಿ ಇದೇ ಅಕೌಂಟಲ್ಲಿ ರಾತ್ರಿ ಜಾಬ್ ಹಾಕಿಟ್ಟಿರುತ್ತಾನೆ. ಅದು ಹಳೇ ಪಾಸ್‌ವರ್ಡ್ ಹಿಡಿದು ಮತ್ತೆ ಮತ್ತೆ ಬಾಗಿಲು ಬಡಿದು ಅಕೌಂಟನ್ನೇ ಲಾಕ್ ಮಾಡಿಸುತ್ತದೆ. ಬೆಳಿಗ್ಗೆ ಸಂಬಳದ ಫೈಲ್ ಹೋಗಿಲ್ಲ. ಈಗ ರಿವರ್ಟ್ ಒತ್ತಿ ನೋಡೋಣ.

ನಾನು ಇದನ್ನೇ ಇಂಟರ್‌ವ್ಯೂಗೆ ಬಂದವರಿಗೆ ಕೇಳಿದೆ. ಅವರು ಕೊಟ್ಟ ಉತ್ತರ ಕೇಳಿ. "ಮೊದಲ ದಿನ ಪಾಸ್‌ವರ್ಡ್ ಮುಟ್ಟಲ್ಲ ಸರ್. ಆ ಅಕೌಂಟಿಗೆ ಡೊಮೇನ್ ಅಡ್ಮಿನ್ ನಿಜವಾಗಿ ಬೇಕಾ ಅಂತ ನೋಡ್ತೀನಿ, ಬೇಡದಿದ್ದರೆ ಮೊದಲು ಅದನ್ನ ತೆಗೀತೀನಿ. ಆಮೇಲೆ ಟಿಕೆಟ್ ಕೇಳಿದ್ದನ್ನ ದಾಖಲಿಸೋ 4769 ಈವೆಂಟ್‌ನಲ್ಲಿ ಎನ್‌ಕ್ರಿಪ್ಷನ್ 0x17 ಅಂತ ಬಂದರೆ ಅಲರ್ಟ್ ಹಾಕಿಸ್ತೀನಿ. ಅಕೌಂಟ್ ಎಲ್ಲೆಲ್ಲಿ ಬಳಕೆಯಲ್ಲಿದೆ ಅನ್ನೋ ಪಟ್ಟಿ ಕೈಗೆ ಬಂದ ಮೇಲೆ ಪಾಸ್‌ವರ್ಡ್ ಬದಲಿಸೋಕೆ ಚೇಂಜ್ ವಿಂಡೋ." 0x17 ಅಂದರೆ ಹಳೇ, ದುರ್ಬಲ ಆರ್‌ಸಿ4 ಎನ್‌ಕ್ರಿಪ್ಷನ್, ಈ ದಾಳಿ ಮಾಡುವವರು ಹೆಚ್ಚಾಗಿ ಕೇಳುವುದು ಅದನ್ನೇ. ಅಲರ್ಟ್‌ನಲ್ಲಿ ಹಳೇ ಅಪ್ಲಿಕೇಶನ್‌ಗಳ ಗದ್ದಲವೂ ಬರುತ್ತದೆ, ಹೊಸ ಎಇಎಸ್ ಎನ್‌ಕ್ರಿಪ್ಷನ್‌ನ ಟಿಕೆಟ್ ಕೇಳುವವನು ತಪ್ಪಿಸಿಕೊಳ್ಳುತ್ತಾನೆ ಅಂತಲೂ ಅವರೇ ಹೇಳಿದರು. ಸಾಧ್ಯವಿದ್ದ ಕಡೆ ಜಿಎಂಎಸ್‌ಎ ಅಕೌಂಟ್ ಮಾಡಿದರೆ ಪಾಸ್‌ವರ್ಡನ್ನು ವಿಂಡೋಸೇ 30 ದಿನಕ್ಕೊಮ್ಮೆ ಬದಲಿಸಿಕೊಳ್ಳುತ್ತದೆ. ಅದನ್ನು ಒಪ್ಪದ ಹಳೇ ಅಪ್ಲಿಕೇಶನ್‌ಗೆ ಏನು ಮಾಡುತ್ತೀರಿ ಅಂದೆ. "ಉದ್ದದ ಪಾಸ್‌ವರ್ಡ್ ಹಾಕಿ, ಉಳಿದ ರಿಸ್ಕಿಗೆ ಆ ಬಿಸಿನೆಸ್ ಹೆಡ್ ಸಹಿ ತಗೋತೀನಿ, ಕೊನೆ ದಿನಾಂಕದ ಜೊತೆ. ಸಹಿ ನಾನು ಹಾಕಲ್ಲ, ರಿಸ್ಕ್ ನನ್ನದಲ್ಲ."

ಆ ಕೊನೆಯ ಮಾತು ಸಿಐಎಸ್‌ಎಸ್‌ಪಿ, ಸಿಐಎಸ್‌ಎಂ ಎರಡೂ ತಲೆಗೆ ತುಂಬುವ ಪಾಠ. ರಿಸ್ಕ್ ಬಿಸಿನೆಸ್‌ನವರದ್ದು, ಸೆಕ್ಯೂರಿಟಿಯವರು ಅಳೆದು ತೋರಿಸಬೇಕು. ಬರೀ ಟಿಕ್ ಹಾಕೋ ಪರೀಕ್ಷೆಯಂತೆ! ಸಿಐಎಸ್‌ಎಸ್‌ಪಿಯಲ್ಲಿ 3 ಗಂಟೆಯಲ್ಲಿ 100ರಿಂದ 150 ಪ್ರಶ್ನೆ, ಒಮ್ಮೆ ಉತ್ತರಿಸಿದರೆ ಹಿಂದಕ್ಕೆ ಹೋಗುವಂತಿಲ್ಲ. ಎಷ್ಟೋ ಪ್ರಶ್ನೆಗಳಲ್ಲಿ ನಾಲ್ಕೂ ಉತ್ತರ ಸರಿಯಾಗಿಯೇ ಕಾಣುತ್ತವೆ, ಮೊದಲು ಯಾವುದನ್ನು ಮಾಡುತ್ತೀರಿ ಅನ್ನುವುದೇ ಪ್ರಶ್ನೆ. ಟೆಕ್ನಿಕಲ್ ಹುಡುಗರು ಜಾರುವುದು ಅಲ್ಲೇ. ಕೈ ತಾನಾಗಿ ಪಾಸ್‌ವರ್ಡ್ ಬದಲಿಸುವ ಉತ್ತರಕ್ಕೆ ಹೋಗುತ್ತದೆ. ಪಾಸಾದ ಮೇಲೂ ಪೂರ್ತಿ ಸರ್ಟಿಫಿಕೇಟ್ ಸಿಗಲು ಐದು ವರ್ಷದ ಅನುಭವ ತೋರಿಸಬೇಕು, ಸಂಬಂಧಪಟ್ಟ ಡಿಗ್ರಿ ಇದ್ದರೆ ಒಂದು ವರ್ಷ ರಿಯಾಯಿತಿ. ಅಲ್ಲಿಯತನಕ ನೀವು ಅಸೋಸಿಯೇಟ್ ಅಷ್ಟೇ.

ಸರಿ, ಇನ್ನೊಂದು ಕಡೆಯದ್ದೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ಬಂದೇ ಬರುತ್ತದೆ. ಪ್ರಶ್ನೆ ಬಾಯಿಪಾಠ ಹೊಡೆದು ಪಾಸಾದವರಿದ್ದಾರೆ. ಸ್ಕ್ಯಾನರ್ ಔಟ್‌ಪುಟ್‌ಗೆ ಲೋಗೋ ಅಂಟಿಸಿ ಪೆನ್‌ಟೆಸ್ಟ್ ಅಂತ ಕೊಟ್ಟರೆ ಕಣ್ಣುಮುಚ್ಚಿ ಬಿಲ್ ಪಾಸು ಮಾಡುವ ಮ್ಯಾನೇಜರ್‌ಗಳನ್ನೂ ನೋಡಿದ್ದೇನೆ. ಅಂಥವರು ಒಮ್ಮೆ ಲ್ಯಾಬ್‌ನಲ್ಲಿ ಕೂತು ಒಂದು ಮಷೀನ್ ಒಡೆದರೆ ಒಳ್ಳೆಯದೇ, ಬೇಡ ಅಂದವರ್ಯಾರು? ಆದರೆ ಅದಕ್ಕೆ ಲ್ಯಾಬ್ ಸಾಕು. ಮನೆ, ಮಕ್ಕಳು, ರಾತ್ರಿ ಇನ್ಸಿಡೆಂಟ್ ಕಾಲ್ ಎಲ್ಲ ಇರುವವರನ್ನು ಹಗಲೂ ರಾತ್ರಿ ಕ್ಯಾಮೆರಾ ಮುಂದೆ ಕೂರಿಸಿ, ಅವರು ಇನ್ನು ಮಾಡದೇ ಇರುವ ಕೆಲಸದ ಪರೀಕ್ಷೆ ಬರೆಸುವುದು ಯಾವ ನ್ಯಾಯ? ಪರಿಹಾರಕ್ಕೆ ಆ ಪರೀಕ್ಷೆಯಲ್ಲಿ ಒಂದು ಅಂಕವೂ ಇಲ್ಲ ರೀ!

ಈ ಹುದ್ದೆಗೆ ಪ್ರಾಕ್ಟಿಕಲ್ಲೇ ಬೇಕು ಅಂದರೆ ಹೀಗೆ ಮಾಡಿ. ಹೆಸರು ಅಳಿಸಿದ ಒಂದು ಹಳೇ ರಿಪೋರ್ಟ್ ಕೊಟ್ಟು ಒಂದು ಗಂಟೆ ಬಿಡಿ. ಮೊದಲು ಸರಿಪಡಿಸುವ ಮೂರು ಯಾವುವು, ಡೇಟಾಬೇಸ್‌ನವರಿಗೆ ಏನು ಹೇಳುತ್ತೀರಿ, ಯಾರ ಸಹಿ ಬೇಕು, ಇಷ್ಟು ಬರೆದು ಕೊಡಲಿ. ಈ ಮಾತನ್ನು ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ. ಜಾಹೀರಾತು ಟೆಂಪ್ಲೇಟ್ ಬದಲಿಸಲು ಕಮಿಟಿ ಒಪ್ಪಬೇಕು ಅಂತ ಉತ್ತರ ಬಂತು. ಆ ಕಮಿಟಿಯಲ್ಲಿ ಓಎಸ್‌ಸಿಪಿ ಯಾರಿಗೂ ಇಲ್ಲ, ಗೊತ್ತಾ?

ಬೈಯುವವರು ಧಾರಾಳವಾಗಿ ಬೈಯಿರಿ. ಅದಕ್ಕೂ ಮೊದಲು ನಿಮ್ಮ ಆಫೀಸಿನಲ್ಲಿ, ಅನುಮತಿ ಇದ್ದರೆ, ಪವರ್‌ಶೆಲ್‌ನಲ್ಲಿ ಇದೊಂದು ಸಾಲು ಓಡಿಸಿ, ಸರ್ವೀಸ್ ಅಕೌಂಟ್‌ಗಳ ಪಾಸ್‌ವರ್ಡ್ ಕೊನೆಗೆ ಬದಲಾದ ದಿನಾಂಕ ನೋಡಿ ಬನ್ನಿ:

```
Get-ADUser -Filter 'ServicePrincipalName -like "*"' -Properties PasswordLastSet | Select Name,PasswordLastSet
```

ಹತ್ತು ವರ್ಷದ ಹಿಂದಿನ ದಿನಾಂಕ ಕಂಡರೆ, ಅದನ್ನು ನಾಳೆಯೇ ಬದಲಿಸುವ ಧೈರ್ಯ ಇದೆಯಾ ಹೇಳಿ. ಆಮೇಲೆ ಮಾತಾಡೋಣ.