ನಲವತ್ತೊಂದನೇ ಪದದಲ್ಲಿ ಶುರುವಾಗುವ ಸುದ್ದಿ

ಮಂಡ್ಯ, ಮೈಸೂರು ಕಡೆಯ ಕಂಪನಿಗಳು ಕಳಿಸುವ ಪ್ರೆಸ್‌ನೋಟ್‌ಗಳ ಬಗ್ಗೆ ನನ್ನದೊಂದು ತಕರಾರಿದೆ. ಅವುಗಳಲ್ಲಿ ಸುದ್ದಿ ಇರುವುದಿಲ್ಲ ಅಂತಲ್ಲ. ಸುದ್ದಿ ಇರುತ್ತದೆ, ಆದರೆ ಅದು ಆರನೇ ಪ್ಯಾರಾದಲ್ಲಿ ಮುದುಡಿಕೊಂಡು ಕೂತಿರುತ್ತದೆ. ಅದರ ಮೇಲೆ ಸಂಸ್ಥಾಪಕರ ದೂರದೃಷ್ಟಿ, ಪ್ರಶಸ್ತಿಗಳ ಪಟ್ಟಿ, ‘ಹೆಮ್ಮೆಯಿಂದ ತಿಳಿಸಲು ಹರ್ಷಿಸುತ್ತೇವೆ’ ಎಲ್ಲ ಹೇರಿರುತ್ತವೆ. ಇಂಥ ಕರಡನ್ನು ಹೇಗೆ ಕತ್ತರಿಸಬೇಕು ಅನ್ನುವುದಕ್ಕೆ ಒಂದೇ ಒಂದು ಮಾದರಿ ಇಟ್ಟುಕೊಂಡು ನೋಡೋಣ. ಮಾದರಿ ನಾನೇ ಕಟ್ಟಿದ್ದು, ಯಾವ ಕಾರ್ಖಾನೆಯದೂ ಅಲ್ಲ. ಆದರೆ ಪತ್ರಿಕೆಯ ಡೆಸ್ಕ್‌ನಲ್ಲಿ ಕೂತವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ.

ಒಂದು ಸಕ್ಕರೆ ಕಾರ್ಖಾನೆ, ಮುಂಗಾರಿನ ಹೊತ್ತು. ಕರಡಿನ ಮೊದಲ ವಾಕ್ಯ ಹೀಗಿದೆ:

“ಸಕ್ಕರೆ ನಾಡು ಮಂಡ್ಯ ಜಿಲ್ಲೆಯ ರೈತರ ಬಾಳಿಗೆ ಸಿಹಿ ತುಂಬುವ ಏಕೈಕ ಉದ್ದೇಶದಿಂದ 1990ರ ದಶಕದಲ್ಲಿ ಸ್ಥಾಪನೆಗೊಂಡು, ಸಂಸ್ಥಾಪಕ ಅಧ್ಯಕ್ಷರ ದೂರದೃಷ್ಟಿ ಹಾಗೂ ಕಾರ್ಮಿಕ ವರ್ಗದ ಅವಿರತ ಶ್ರಮದ ಫಲವಾಗಿ ಹಂತ ಹಂತವಾಗಿ ಬೆಳೆದು, ಹಲವು ಪ್ರಶಸ್ತಿ ಪುರಸ್ಕಾರಗಳಿಗೆ ಭಾಜನವಾಗಿ, ಇಂದು ದಕ್ಷಿಣ ಭಾರತದ ಮುಂಚೂಣಿ ಸಕ್ಕರೆ ಕಾರ್ಖಾನೆಗಳಲ್ಲಿ ಒಂದೆಂಬ ಹೆಗ್ಗಳಿಕೆಗೆ ಪಾತ್ರವಾಗಿರುವ ನಮ್ಮ ಕಾರ್ಖಾನೆಯು ಪ್ರಸಕ್ತ ಸಾಲಿನ ಕಬ್ಬು ಅರೆಯುವ ಕಾರ್ಯವನ್ನು ಇದೇ ಜುಲೈ 3ರಂದು ಆರಂಭಿಸುತ್ತಿದೆ ಎಂದು ತಿಳಿಸಲು ಹರ್ಷಿಸುತ್ತೇವೆ.”

ಎಣಿಸಿ ನೋಡಿ, 52 ಪದ. ಹೊಸ ಸಂಗತಿ ಶುರುವಾಗುವುದು 41ನೇ ಪದದಲ್ಲಿ, ಮುಗಿಯುವುದು 49ರಲ್ಲಿ. ಒಂಬತ್ತು ಪದದ ಸುದ್ದಿಗೆ ನಲವತ್ತು ಪದದ ಮೆರವಣಿಗೆ.

ಇದಕ್ಕೆ ಬರೆದವರ ಹೊಗಳುಬುದ್ಧಿ ಒಂದೇ ಕಾರಣವಲ್ಲ, ಕನ್ನಡದ ವಾಕ್ಯವೂ ಇದಕ್ಕೆ ದಾರಿ ಮಾಡಿಕೊಡುತ್ತದೆ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಸ್ಥಾಪನೆಗೊಂಡು’, ‘ಬೆಳೆದು’, ‘ಭಾಜನವಾಗಿ’ ಅಂತ ಎಷ್ಟು ಬೇಕಾದರೂ ಪೋಣಿಸುತ್ತಾ ಹೋಗಬಹುದು, ವ್ಯಾಕರಣ ತಡೆಯುವುದಿಲ್ಲ. ಇನ್ನು ‘ಪಾತ್ರವಾಗಿರುವ’ ಅನ್ನುವಂಥ ಪದ ಸಿಕ್ಕಿಬಿಟ್ಟರೆ ಕಂಪನಿಯ ಇಡೀ ಚರಿತ್ರೆಯನ್ನು ಕಂಪನಿಯ ಹೆಸರಿನ ಹಿಂದೆ ವಿಶೇಷಣವಾಗಿ ಕಟ್ಟಿಬಿಡಬಹುದು. ಹಾಗಾಗಿ ಇಂಥ ವಾಕ್ಯವನ್ನು ಮೊದಲಿಂದ ಓದುತ್ತಾ ಅಲ್ಲೊಂದು ಇಲ್ಲೊಂದು ಪದ ಹೊಡೆದರೆ ಉಪಯೋಗವಿಲ್ಲ. ಕೊನೆಯಿಂದ ಹಿಂದಕ್ಕೆ ಬರಬೇಕು. ‘ತಿಳಿಸಲು ಹರ್ಷಿಸುತ್ತೇವೆ’ಯನ್ನು ಮೊದಲು ಕಿತ್ತುಹಾಕಿ; ಅದು ಕಂಪನಿಯ ಮನಃಸ್ಥಿತಿ, ಸುದ್ದಿಯಲ್ಲ. ಉಳಿದ ಕೊನೆಯ ಕ್ರಿಯಾಪದ ‘ಆರಂಭಿಸುತ್ತಿದೆ’. ಏನನ್ನು? ಕಬ್ಬು ಅರೆಯುವುದನ್ನು. ಯಾವಾಗ? ಜುಲೈ 3. ಯಾರು? ಕಾರ್ಖಾನೆ. ಇಷ್ಟು ಸಿಕ್ಕ ತಕ್ಷಣ ನಿಲ್ಲಿಸಿ. ಅದಕ್ಕೂ ಹಿಂದೆ ಇರುವುದೆಲ್ಲ ಪಕ್ಕದ ಹಾಳೆಗೆ ಹೋಗಲಿ, ಕಸದ ಬುಟ್ಟಿಗೆ ಈಗಲೇ ಬೇಡ.

ಇಲ್ಲಿಗೇ ಸುದ್ದಿ ಸಿಕ್ಕಿತು ಅಂದುಕೊಂಡು ‘ಜುಲೈ 3ರಿಂದ ಕಬ್ಬು ಅರೆಯುವಿಕೆ’ ಅಂತ ತಲೆಬರಹ ಕೊಡುವವರೇ ಹೆಚ್ಚು. ಅದು ಕಂಪನಿ ಸುದ್ದಿ ಅಂದುಕೊಂಡದ್ದು. ಕರಡನ್ನು ಪೂರ್ತಿ ಓದಿದರೆ, ಬಾಯ್ಲರ್‌ಗೆ ಅಗ್ನಿಸ್ಪರ್ಶ ಮಾಡುವ ಗಣ್ಯರ ಹೆಸರುಗಳೆಲ್ಲ ಮುಗಿದ ಮೇಲೆ, ಆರನೇ ಪ್ಯಾರಾದಲ್ಲಿ ಇದು ಸಿಗುತ್ತದೆ:

“ರೈತಸ್ನೇಹಿ ಅತ್ಯಾಧುನಿಕ ತಂತ್ರಜ್ಞಾನ ಅಳವಡಿಸಿಕೊಂಡಿದ್ದು, ಕಟಾವು ಆದೇಶಗಳನ್ನು ಇನ್ನು ಮುಂದೆ ಮೊಬೈಲ್ ಸಂದೇಶದ ಮೂಲಕ ರವಾನಿಸಲಾಗುವುದು. ನೋಂದಾಯಿತ ರೈತರು ಜೂನ್ 25ರೊಳಗಾಗಿ ತಮ್ಮ ಮೊಬೈಲ್ ಸಂಖ್ಯೆಯನ್ನು ವಿಭಾಗ ಕಚೇರಿಯಲ್ಲಿ ದೃಢಪಡಿಸಿಕೊಳ್ಳತಕ್ಕದ್ದು.”

ಸುದ್ದಿ ಇದು. ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಕಬ್ಬು ಒಪ್ಪಿಗೆ ಮಾಡಿಕೊಂಡು ಕೂತಿರುವ ರೈತನಿಗೆ ಕಟಾವು ಆದೇಶ ಬರದಿದ್ದರೆ ಕಬ್ಬು ಗದ್ದೆಯಲ್ಲೇ ನಿಲ್ಲುತ್ತದೆ. ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ. ಹಳೆಯ ನಂಬರ್ ಕೊಟ್ಟವನಿಗೆ ಸಂದೇಶ ತಲುಪುವುದೇ ಇಲ್ಲ. ಕಾರ್ಖಾನೆ ಶುರುವಾಗುವ ದಿನ ಗೊತ್ತಾಗದಿದ್ದರೂ ಅವನ ಗಂಟೇನೂ ಹೋಗುವುದಿಲ್ಲ, ಚಿಮಣಿಯ ಹೊಗೆ ನೋಡಿದರೆ ತಿಳಿಯುತ್ತದೆ. ಜೂನ್ 25 ತಪ್ಪಿದರೆ ನಷ್ಟ ಅವನದೇ. ಆದ್ದರಿಂದ ಕರಡು ಕೈಗೆ ಬಂದಾಗ ಪೆನ್ಸಿಲ್ ಹಿಡಿದು ಹುಡುಕಬೇಕಾದ್ದು ಒಂದನ್ನು: ಇದನ್ನು ಓದದೇ ಹೋದವನಿಗೆ ಏನಾದರೂ ಕೈತಪ್ಪುವಂಥ ವಾಕ್ಯ ಯಾವುದು? ಬಹಳ ಸಲ ಅದು ‘ತಕ್ಕದ್ದು’ ಅಂತ ಮುಗಿಯುವ ವಾಕ್ಯವೇ ಆಗಿರುತ್ತದೆ. ‘ಅತ್ಯಾಧುನಿಕ’ ಅನ್ನುವ ಪದದ ಹತ್ತಿರದಲ್ಲೂ ಹುಡುಕಿ. ಏನೋ ಬದಲಾಗಿದೆ, ಅದನ್ನು ಹೇಳುವ ಬದಲು ಮೆಚ್ಚಿಕೊಂಡಿದ್ದಾರೆ ಅನ್ನುವುದಕ್ಕೆ ಅದು ಗುರುತು.

ಈಗ ತಿರುಗಿಸಿ ಬರೆದರೆ:

“ಕಬ್ಬು ಒಪ್ಪಿಗೆ ಮಾಡಿಕೊಂಡಿರುವ ರೈತರು ತಮ್ಮ ಮೊಬೈಲ್ ಸಂಖ್ಯೆಯನ್ನು ಜೂನ್ 25ರೊಳಗೆ ವಿಭಾಗ ಕಚೇರಿಯಲ್ಲಿ ಖಚಿತಪಡಿಸಬೇಕು. ಈ ಹಂಗಾಮಿನಿಂದ ಕಟಾವು ಆದೇಶ ಮೊಬೈಲ್‌ಗೆ ಸಂದೇಶವಾಗಿ ಬರಲಿದೆ. ಕಾರ್ಖಾನೆ ಜುಲೈ 3ರಂದು ಕಬ್ಬು ಅರೆಯಲು ಆರಂಭಿಸಲಿದೆ.”

ಮೂರು ವಾಕ್ಯ. ಡೆಸ್ಕ್‌ನವರು ಜಾಗ ಸಾಲದೆ ಕೆಳಗಿನಿಂದ ಕತ್ತರಿಸುತ್ತಾ ಬಂದು ಮೊದಲ ವಾಕ್ಯ ಒಂದನ್ನೇ ಉಳಿಸಿದರೂ ರೈತನಿಗೆ ಬೇಕಾದ್ದು ಉಳಿಯುತ್ತದೆ. ಮೂಲ ಕರಡನ್ನು ಅದೇ ರೀತಿ ಕತ್ತರಿಸಿದರೆ ಉಳಿಯುವುದು ಸಂಸ್ಥಾಪಕರ ದೂರದೃಷ್ಟಿ. ಅದನ್ನು ಯಾರೂ ಅಚ್ಚು ಹಾಕುವುದಿಲ್ಲ, ಹಾಗಾಗಿ ಇಡೀ ಪ್ರಕಟಣೆಯೇ ಬುಟ್ಟಿಗೆ.

ಕತ್ತರಿಸಿದ ಮೇಲೆ ಒಂದು ಮುಜುಗರದ ಸಂಗತಿ ಬಯಲಾಗುತ್ತದೆ. ಹೊಗಳಿಕೆ ತೆಗೆದ ಜಾಗದಲ್ಲಿ ತೂತುಗಳು ಕಾಣುತ್ತವೆ. ನಂಬರ್ ಮಗನ ಹೆಸರಿನಲ್ಲಿದ್ದರೆ ನಡೆಯುತ್ತದೆಯೇ? ಸಂದೇಶ ಕನ್ನಡದಲ್ಲಿ ಬರುತ್ತದೆಯೇ? ಕಚೇರಿಗೆ ಹೋಗುವಾಗ ಏನು ಕೊಂಡೊಯ್ಯಬೇಕು? ಕಟಾವು ಆದೇಶದ ಕಾಗದದ ಚೀಟಿ ಪೂರ್ತಿ ನಿಂತಿತೇ, ಎರಡೂ ಇರುತ್ತವೆಯೇ? ಎರಡು ಪುಟದ ಕರಡಿನಲ್ಲಿ ಇದ್ಯಾವುದಕ್ಕೂ ಉತ್ತರವಿಲ್ಲ. ಬರೆದವರಿಗೇ ಗೊತ್ತಿರುವುದಿಲ್ಲ, ಕಬ್ಬು ವಿಭಾಗಕ್ಕೆ ಫೋನ್ ಮಾಡಿ ಕೇಳಬೇಕು. ಚರಿತ್ರೆಯನ್ನು ತೆಗೆದು ಉಳಿಸಿದ ಜಾಗ ಈ ನಾಲ್ಕು ಉತ್ತರಗಳಿಗೆ ಸರಿಹೋಗುತ್ತದೆ.

ಇನ್ನು ಸ್ವಪ್ರಶಂಸೆ. ಅದರಲ್ಲಿ ‘ಹೆಸರಾಂತ’, ‘ಪ್ರತಿಷ್ಠಿತ’ದಂಥವು ಅಷ್ಟು ಅಪಾಯದವಲ್ಲ, ಯಾರು ಬೇಕಾದರೂ ಹೊಡೆದುಹಾಕುತ್ತಾರೆ. ಅಪಾಯ ಇರುವುದು ಸುದ್ದಿಯ ವೇಷ ಹಾಕಿಕೊಂಡು ಬರುವ ಹೊಗಳಿಕೆಯಲ್ಲಿ. ಇದೇ ಕರಡಿನ ನಾಲ್ಕನೇ ಪ್ಯಾರಾ: “ರೈತರ ಹಿತವೇ ನಮ್ಮ ಹಿತ ಎಂದು ನಂಬಿರುವ ಆಡಳಿತ ಮಂಡಳಿಯು ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಪಾವತಿಸುವ ಮಹತ್ವದ ತೀರ್ಮಾನ ಕೈಗೊಂಡಿದೆ.” ಕೇಳಲು ಚೆನ್ನಾಗಿದೆ, ಅಂಕಿಯೂ ಇದೆ, ಯಾರಾದರೂ ತಲೆಬರಹಕ್ಕೇ ಎತ್ತಿಬಿಡಬಹುದು. ಆದರೆ 14 ದಿನದ ಗಡುವು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಕೊಡಬೇಕೆಂದೂ ಅಲ್ಲೇ ಇದೆ. ಕಾನೂನು ಪಾಲಿಸುತ್ತೇವೆ ಅನ್ನುವುದನ್ನು ಮಹತ್ವದ ತೀರ್ಮಾನ ಅಂದರೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ವರದಿಗಾರ ಕೇಳುತ್ತಾನೆ. ಹಿಂದಿನ ಹಂಗಾಮಿನ ಬಾಕಿ ಇದ್ದರಂತೂ ಮರುದಿನದ ಸುದ್ದಿ ಅದೇ. 10 ದಿನಕ್ಕೇ ಕೊಡುತ್ತೀರಾದರೆ ಅದು ಸುದ್ದಿ, ಬರೆಯಿರಿ. ಬಾಕಿ ಇದ್ದರೆ ಎಷ್ಟು, ಯಾವಾಗ ತೀರಿಸುತ್ತೀರಿ ಅಂತ ನೀವೇ ಬರೆಯಿರಿ. ಎರಡೂ ಅಲ್ಲದಿದ್ದರೆ ಪ್ಯಾರಾ ತೆಗೆಯಿರಿ.

ದರದ ಮಾತೂ ಹೀಗೆಯೇ. ‘ಟನ್‌ಗೆ 3,550 ರೂಪಾಯಿ ನೀಡಲಿದ್ದೇವೆ’ ಅಂತ ಉದಾರವಾಗಿ ಬರೆದಿರುತ್ತಾರೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರವೇ ನಿಗದಿಪಡಿಸಿದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ, ಅದು, ಅದೂ ಶೇ 10.25ರಷ್ಟು ಸಕ್ಕರೆ ಇಳುವರಿ ಇದ್ದರೆ. ಇಳುವರಿ ಕಡಿಮೆ ಇರುವ ಕಾರ್ಖಾನೆಗೆ ದರವೂ ಕಡಿಮೆ. ದರ ಬರೆಯುವುದಾದರೆ ಯಾವ ಇಳುವರಿಗೆ, ಕಟಾವು ಮತ್ತು ಸಾಗಣೆ ಖರ್ಚು ಕಳೆದೋ ಕಳೆಯದೆಯೋ ಅನ್ನುವುದು ಅದೇ ವಾಕ್ಯದಲ್ಲಿ ಇರಬೇಕು. ಇಲ್ಲದಿದ್ದರೆ ರೈತ ಪೇಪರ್ ಕತ್ತರಿಸಿಕೊಂಡು ಬಂದು ಲೆಕ್ಕ ಕೇಳುತ್ತಾನೆ, ಕೇಳಬೇಕಾದ್ದೇ.

ಪಕ್ಕದ ಹಾಳೆಗೆ ಎತ್ತಿಟ್ಟ ಚರಿತ್ರೆಯ ವಿಚಾರಕ್ಕೆ ಬರೋಣ. ಅದರಲ್ಲಿ ಉಳಿಯಬೇಕಾದ್ದು ಇಂದಿನ ಸುದ್ದಿಯನ್ನು ಅರ್ಥ ಮಾಡಿಸುವ ಭಾಗ ಮಾತ್ರ. ಕಾರ್ಖಾನೆ ಎರಡು ಹಂಗಾಮು ನಿಂತು ಈಗ ಶುರುವಾಗುತ್ತಿದ್ದರೆ ಅದು ಎರಡನೇ ಪ್ಯಾರಾಕ್ಕೇ ಬರಬೇಕು. ಯಾವ ವರ್ಷ ಸ್ಥಾಪನೆ, ದಿನಕ್ಕೆ ಎಷ್ಟು ಟನ್ ಅರೆಯುತ್ತದೆ, ಎಷ್ಟು ತಾಲ್ಲೂಕಿನ ಕಬ್ಬು ಬರುತ್ತದೆ ಅನ್ನುವುದನ್ನು ‘ಕಾರ್ಖಾನೆಯ ಬಗ್ಗೆ’ ಅಂತ ಕಟ್ಟಕಡೆಗೆ ಮೂರು ಸಾಲಿನಲ್ಲಿ ಹಾಕಿ. ಇದರಿಂದ ಇನ್ನೊಂದು ಲಾಭವಿದೆ. ‘ನಮ್ಮ ತಂದೆಯವರ ಹೆಸರೇ ತೆಗೆದುಬಿಟ್ರಲ್ಲಾ’ ಅಂತ ಮಾಲೀಕರು ಸಿಟ್ಟಾದರೆ, ‘ಇಲ್ಲ ಸಾರ್, ಕೆಳಗಿದೆ ನೋಡಿ’ ಅನ್ನಬಹುದು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆ ಮೂರು ಸಾಲು ಇರುವುದು ಅರ್ಧ ವರದಿಗಾರನಿಗೆ, ಅರ್ಧ ಈ ಮಾತಿಗೆ. ಸುವರ್ಣ ಮಹೋತ್ಸವದ ಪ್ರಕಟಣೆಯಾದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಚರಿತ್ರೆಯೇ ಸುದ್ದಿ, ಅದನ್ನು ಕತ್ತರಿಸಿದರೆ ಏನೂ ಉಳಿಯುವುದಿಲ್ಲ.

ವ್ಯವಸ್ಥಾಪಕ ನಿರ್ದೇಶಕರ ಹೇಳಿಕೆ ಒಂದು ಇರಲಿ, ಆದರೆ ‘ನಮಗೆ ಹೆಮ್ಮೆಯ ಕ್ಷಣ’ ಬೇಡ. ಅವರು ಹೇಳಿದರೆ ಮಾತ್ರ ತೂಕ ಬರುವ ಮಾತು ಬೇಕು: ಸಂದೇಶ ತಲುಪದ ರೈತನ ಕಬ್ಬು ಬಿಟ್ಟುಹೋದರೆ ಕಾರ್ಖಾನೆ ಏನು ಮಾಡುತ್ತದೆ ಅನ್ನುವುದು. ಹಾಗಂತ ಅವರು ಹೇಳದ್ದನ್ನು ಬರೆದು ಬಾಯಿಗೆ ತುರುಕಬಾರದು, ಕೇಳಿ ಒಪ್ಪಿಗೆ ಪಡೆದೇ ಹಾಕಬೇಕು.

ಕಳಿಸುವ ದಿನ ಕೂಡ ಸುದ್ದಿಗೆ ತಕ್ಕಂತೆ ಬದಲಾಗುತ್ತದೆ. ಬಾಯ್ಲರ್ ಪೂಜೆಯ ಫೋಟೊ ಜೊತೆಗೇ ಕಳಿಸೋಣ ಅಂತ ಕಾದರೆ ಜೂನ್ 25 ಕಳೆದುಹೋಗಿರುತ್ತದೆ. ನಂಬರ್ ವಿಷಯ ಜೂನ್ ಎರಡನೇ ವಾರಕ್ಕೇ ಹೋಗಬೇಕು, ಪೂಜೆಯದು ಆಮೇಲೆ ಬೇರೆ ಪ್ರಕಟಣೆ. ‘ಇದೇ 25’ ಅಂತ ಬರೆಯದೆ ತಿಂಗಳ ಹೆಸರು, ವಾರದ ದಿನ ಎರಡನ್ನೂ ಹಾಕಿ. ಅಕ್ಷರ ಯೂನಿಕೋಡ್‌ನಲ್ಲಿರಲಿ, ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಹೊಡೆದು ಕಳಿಸಿದರೆ ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಗೊಜ್ಜು ಕಾಣುತ್ತದೆ. ಲೆಟರ್‌ಹೆಡ್ಡಿನ ಮೇಲೆ ಸಹಿ ಹಾಕಿ ಸ್ಕ್ಯಾನ್ ಮಾಡಿ ವಾಟ್ಸ್‌ಆ್ಯಪ್‌ಗೆ ಬಿಟ್ಟರೆ ಡೆಸ್ಕ್‌ನಲ್ಲಿ ಯಾರೋ ಕೂತು ಮತ್ತೆ ಟೈಪ್ ಮಾಡಬೇಕು, ಆಗ ದಿನಾಂಕ ತಪ್ಪುವುದು ಸುಲಭ. ಕೊನೆಗೆ ಕೊಡುವ ಫೋನ್ ನಂಬರ್ ಅಧ್ಯಕ್ಷರ ಆಪ್ತ ಕಾರ್ಯದರ್ಶಿಯದು ಬೇಡ, ಕಬ್ಬು ವಿಭಾಗದ ಅಧಿಕಾರಿಯದಿರಲಿ. ಪುಟ ಕಟ್ಟುವ ಹೊತ್ತಿಗೆ, ಅಂದರೆ ಸಂಜೆ ಏಳಕ್ಕೋ ಎಂಟಕ್ಕೋ, ಅವರು ಫೋನ್ ಎತ್ತುತ್ತಾರೆ ಅನ್ನುವುದನ್ನು ಮೊದಲೇ ಕೇಳಿಟ್ಟುಕೊಳ್ಳಿ.