ಮನೆನೋವು

ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದು ಒಂಬತ್ತು ವರ್ಷವಾಯಿತು. ಔಷಧ ಕಂಪನಿಯೊಂದರಲ್ಲಿ ಅಂಕಿ-ಸಂಖ್ಯೆ ನೋಡುವ ಕೆಲಸ. ಹೊಸ ಮಾತ್ರೆಗೆ ಎಷ್ಟು ಜನರಲ್ಲಿ ಗುಣ ಕಂಡಿತು, ಸಕ್ಕರೆ ಗುಳಿಗೆಗೆ ಎಷ್ಟು ಜನರಲ್ಲಿ ಕಂಡಿತು ಎಂದು ಹೋಲಿಸಿ ಹೇಳುವುದು. ಹಾಗಾಗಿ ಕಾಯಿಲೆಗಳ ಹೆಸರುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಆದರೆ ನನ್ನದೇ ಕಾಯಿಲೆಗೆ ಹೆಸರಿಟ್ಟದ್ದು ಇದೇ ಊರಿನಲ್ಲಿ ಎಂದು ಗೊತ್ತಾದದ್ದು ಮೊನ್ನೆ ಮೊನ್ನೆ, ಕ್ಯಾಂಟೀನಿನಲ್ಲಿ.

ಅವತ್ತು ನಾನು ಸೂಪಿನ ಮುಂದೆ ಸುಮ್ಮನೆ ಕೂತಿದ್ದೆ. ಎದುರಿಗಿದ್ದ ಸಹೋದ್ಯೋಗಿ ನನ್ನ ಮುಖ ನೋಡಿ, "ಹೈಮ್‌ವೇ?" ಎಂದು ಕೇಳಿದರು. ಜರ್ಮನ್ ಭಾಷೆಯಲ್ಲಿ ಹೈಮ್ ಅಂದರೆ ಮನೆ, ವೇ ಅಂದರೆ ನೋವು. ತಲೆನೋವು, ಹೊಟ್ಟೆನೋವು ಇದ್ದ ಹಾಗೆ ಮನೆನೋವು. ಕನ್ನಡದಲ್ಲಿ ಹಾಗಂದರೆ ಮನೆಯವರು ಕೊಡುವ ನೋವು ಎಂದೇ ಕೇಳಿದವರು ತಿಳಿದಾರು, ಆ ಮಾತು ಬೇರೆ. ಅವರೇ ಮುಂದುವರಿಸಿ, ಈ ನೋವಿಗೆ ವೈದ್ಯರ ಹೆಸರು ಬಿದ್ದದ್ದು ನಮ್ಮ ವಿಶ್ವವಿದ್ಯಾಲಯದಲ್ಲೇ ಎಂದರು, ಮೈಸೂರಿನವರು ಮೈಸೂರ್‌ಪಾಕಿನ ಬಗ್ಗೆ ಹೇಳುವ ಧಾಟಿಯಲ್ಲಿ.

ಸಂಜೆ ಹುಡುಕಿ ಓದಿದೆ. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಇಲ್ಲಿ ಒಂದು ಪ್ರಬಂಧ ಒಪ್ಪಿಸಿದ. ವಯಸ್ಸು 19. ಜನ ಹೈಮ್‌ವೇ ಎನ್ನುತ್ತಿದ್ದುದಕ್ಕೆ ಗ್ರೀಕಿನ ಎರಡು ಪದ ಜೋಡಿಸಿದ: ಮರಳುವುದಕ್ಕೆ ನೊಸ್ಟೊಸ್, ನೋವಿಗೆ ಆಲ್ಗೊಸ್. ಹಾಗೆ ಹುಟ್ಟಿದ್ದು ನೋಸ್ಟಾಲ್ಜಿಯಾ. ಈಗ ಹಳೇ ಲಾಂಬ್ರೆಟಾ ಸ್ಕೂಟರಿನ ಫೋಟೊ ಹಾಕಿ ಅದರ ಕೆಳಗೆ ಬರೆಯುತ್ತಾರಲ್ಲ, ಅದೇ ಪದ. ಅವತ್ತಿಗೆ ಅದು ಜ್ವರ ಬರಿಸುವ, ಊಟ ಬಿಡಿಸುವ, ಜೀವ ತೆಗೆಯಬಹುದಾದ ಕಾಯಿಲೆ.

ಹೋಫರ್ ಕೊಡುವ ಉದಾಹರಣೆಗಳಲ್ಲಿ ಒಬ್ಬ ವಿದ್ಯಾರ್ಥಿಯ ಕತೆ ಇದೆ. ಓದಲು ಬಾಸೆಲ್‌ಗೆ ಬಂದವನು ದಿನದಿಂದ ದಿನಕ್ಕೆ ಮಂಕಾದ. ಆಮೇಲೆ ಬಿಡದ ಜ್ವರ, ಎದೆಯಲ್ಲಿ ತಳಮಳ. ಇವನು ಉಳಿಯುವುದಿಲ್ಲ ಎಂದು ಜನ ಪ್ರಾರ್ಥನೆಯನ್ನೂ ಮಾಡಿಬಿಟ್ಟರು. ಕೊನೆಗೆ ಗುಟ್ಟು ಹಿಡಿದದ್ದು ಯಾವ ಪಂಡಿತನೂ ಅಲ್ಲ, ಎನಿಮಾ ಕೊಡಲು ಬಂದ ಔಷಧಿ ಅಂಗಡಿಯ ಆಳು. ಇವನಿಗೆ ಬೇರೇನೂ ಆಗಿಲ್ಲ, ಊರಿಗೆ ಕಳಿಸಿ ಎಂದ. ಹೊರಡಿಸಿದರು. ಬಾಸೆಲ್ ದಾಟಿ ಕೆಲವು ಮೈಲಿ ಹೋಗುವುದರೊಳಗೆ ಹುಡುಗನ ಉಸಿರು ಸಲೀಸಾಯಿತು. ಊರು ಮುಟ್ಟುವ ಮೊದಲೇ ಪೂರ್ತಿ ಗುಣ.

ಇಲ್ಲಿಯವರೆಗೆ ಕಣ್ಣು ಒದ್ದೆ ಮಾಡಿಕೊಂಡೇ ಓದಿದೆ. ಆಮೇಲೆ ಅವನ ಊರು ಯಾವುದು ಎಂದು ನೋಡಿದರೆ ಬೆರ್ನ್! ಬಾಸೆಲ್‌ನಿಂದ ಬೆರ್ನ್‌ಗೆ ಸುಮಾರು 100 ಕಿಲೋಮೀಟರ್. ಅಂದರೆ ಬೆಂಗಳೂರಿನಲ್ಲಿ ಕೂತು ಮಂಡ್ಯಕ್ಕಾಗಿ ಕೊರಗಿದ ಹಾಗೆ. ಹೋಫರ್ ಸ್ವತಃ ಮ್ಯುಲೂಸ್‌ನವನು. ಅದು ಇನ್ನೂ ಹತ್ತಿರ, 30 ಕಿಲೋಮೀಟರಿನ ಆಸುಪಾಸು. ನಮ್ಮ ವಿಮಾನ ನಿಲ್ದಾಣದ ಹೆಸರಿನಲ್ಲಿ ಆ ಊರೂ ಸೇರಿಕೊಂಡಿದೆ. ಸಾಗರ ತಾಲ್ಲೂಕಿನಿಂದ ಬಂದು, ವರ್ಷಕ್ಕೊಮ್ಮೆ ರಜೆ ಹೊಂದಿಸಿ, ಎರಡು ವಿಮಾನ, ಒಂದು ರೈಲು, ಒಂದು ಜೀಪು ಹತ್ತಿ ಮನೆ ತಲುಪುವ ನನಗೆ ಈ ಹುಡುಗರ ಮೇಲೆ ಸ್ವಲ್ಪ ಸಿಟ್ಟೇ ಬಂತು.

ಸಿಟ್ಟು ಹೆಚ್ಚು ಹೊತ್ತು ಉಳಿಯಲಿಲ್ಲ. ನಮ್ಮಜ್ಜಿಯ ತವರು ನಮ್ಮನೆಯಿಂದ ಅಷ್ಟು ದೂರವೂ ಇರಲಿಲ್ಲ ಎಂಬುದು ನೆನಪಾಯಿತು. ಅಜ್ಜಿಯ ವಿಚಾರ ಆಮೇಲೆ ಹೇಳುತ್ತೇನೆ.

ಚಿಕಿತ್ಸೆ ಏನು? ಬೇಧಿ ಮಾಡಿಸುವುದು, ನಿದ್ದೆ ಬರಿಸುವುದು, ಇವೆಲ್ಲ ಹೋಫರ್‌ನ ಪಟ್ಟಿಯಲ್ಲಿವೆ. ಯಾವುದಕ್ಕೂ ಬಗ್ಗದಿದ್ದರೆ ರೋಗಿ ಎಷ್ಟೇ ಬಡಕಲಾಗಿರಲಿ, ಊರಿಗೆ ಕಳಿಸಿಬಿಡಿ ಎನ್ನುತ್ತಾನೆ. ನಮ್ಮ ಕಂಪನಿಯವರ ಕಿವಿಗೆ ಬೀಳಬೇಕಾದ ಮಾತು. ಅವನಾದ ಮೇಲೆ ಬಂದ ಜ್ಯೂರಿಕ್‌ನ ಶಾಯ್ಖ್‌ಸರ್ ಎಂಬ ವಿದ್ವಾಂಸನಿಗೆ ಸ್ವಿಸ್ ಜನರನ್ನು ಅಳುಬುರುಕರು ಎಂದದ್ದು ಸರಿಬರಲಿಲ್ಲ. ಇದು ಮನಸ್ಸಿನ ದೌರ್ಬಲ್ಯವಲ್ಲ, ಗಾಳಿಯ ಭಾರ ಎಂದ. ಬೆಟ್ಟದ ಹಗುರ ಗಾಳಿಯಲ್ಲಿ ಬೆಳೆದವರು ತಗ್ಗಿಗೆ ಇಳಿದಾಗ ದಪ್ಪ ಗಾಳಿ ಮೈಯನ್ನು ಅಮುಕುತ್ತದೆ, ರಕ್ತ ಸರಿಯಾಗಿ ಹರಿಯುವುದಿಲ್ಲ. ಊರಿಗೆ ಕಳಿಸಲಾಗದಿದ್ದರೆ ಗುಡ್ಡವನ್ನೋ ಗೋಪುರವನ್ನೋ ಹತ್ತಿಸಿ. ನಗಬೇಡಿ. ನಮ್ಮ ಸಾಗರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಬಾಸೆಲ್ ಸುಮಾರು 260. ಆತನ ಲೆಕ್ಕದಲ್ಲಿ ನಾನೂ ಇಳಿದು ಬಂದವನೇ. ಆದರೆ ನನ್ನ ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ. ಗೋಪುರದ ಚಿಕಿತ್ಸೆ ಒಂಬತ್ತು ವರ್ಷದಿಂದ ನಡೆಯುತ್ತಲೇ ಇದೆ, ಗುಣ ಕಂಡಿಲ್ಲ.

ನನ್ನ ರೋಗಲಕ್ಷಣವನ್ನೂ ಹೇಳಬೇಕಲ್ಲ. ದೀಪಾವಳಿಗೆ, ಗಣಪತಿ ಹಬ್ಬಕ್ಕೆ ಬರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ. ಹಬ್ಬಕ್ಕೆ ಇಲ್ಲಿನ ಕನ್ನಡದವರೆಲ್ಲ ಸೇರುತ್ತೇವೆ, ಒಬ್ಬರು ಬಿಸಿಬೇಳೆಬಾತ್ ತರುತ್ತಾರೆ, ಇನ್ನೊಬ್ಬರು ಪಂಪನ ಬನವಾಸಿಯ ಸಾಲು ಹೇಳುತ್ತಾರೆ, ಅಂಕುಶವಿಟ್ಟರೂ ನೆನಪಾಗದಷ್ಟು ಗಲಾಟೆ ಇರುತ್ತದೆ. ನನಗೆ ಬರುವುದು ಮಳೆ ಬಂದಾಗ. ಇಲ್ಲಿನ ಕಿಟಕಿಗೆ ಮೂರು ಪದರ ಗಾಜು. ಮಳೆ ಕಾಣುತ್ತದೆ, ಕೇಳುವುದಿಲ್ಲ. ಹೆಂಚಿನ ಮಾಡಿನ ಕೆಳಗೆ ಮಳೆಯ ಸದ್ದಿಗೆ ಮಾತೇ ಕೇಳದೆ, ಕೂಗಿ ಕೂಗಿ ಊಟಕ್ಕೆ ಕರೆಸಿಕೊಂಡು ಬೆಳೆದವನಿಗೆ ಸದ್ದಿಲ್ಲದ ಮಳೆ ಮೂಕಿ ಸಿನಿಮಾದಂತೆ ಕಾಣುತ್ತದೆ. ಜುಲೈ ತಿಂಗಳಲ್ಲಿ ಒಂದು ಸಲ ಕಿಟಕಿ ತೆರೆದಿಟ್ಟು ಮಲಗಿದೆ. ನೆಲ ನೆನೆಯಿತು, ನೆಗಡಿಯಾಯಿತು. ಸದ್ದು ಮಾತ್ರ ನಮ್ಮದಲ್ಲ. ಕೆಳಗಿನ ಟಾರು ರಸ್ತೆಯ ಮೇಲೆ ಬೀಳುವ ಮಳೆಗೆ ಆ ದನಿ ಎಲ್ಲಿಂದ ಬರಬೇಕು?

ಭಾನುವಾರ ಇನ್ನೂ ಕಷ್ಟ. ಅವತ್ತು ಹುಲ್ಲು ಕತ್ತರಿಸುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಬಾಟಲಿಯನ್ನು ಬೀದಿಯ ಡಬ್ಬಿಗೆ ಹಾಕುವಂತಿಲ್ಲ. ಸದ್ದಾಗುತ್ತದೆ. ಹೊಸದರಲ್ಲಿ ನಾನು ಒಂದು ಭಾನುವಾರ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದೆ. ಮಧ್ಯಾಹ್ನ ಬಾಗಿಲ ಸಂದಿಯಲ್ಲಿ ಬಹಳ ವಿನಯದ ಚೀಟಿ: ನಿಮ್ಮ ಮನೆಯ ರಿಪೇರಿ ಕೆಲಸ ಸೋಮವಾರ ಮುಂದುವರಿಸಬಹುದೇ? ಅಂದಿನಿಂದ ಶನಿವಾರ ರಾತ್ರಿಯೇ ರುಬ್ಬಿಡುತ್ತೇನೆ. ತಣ್ಣಗಿನ ಚಟ್ನಿ ತಿನ್ನುವಾಗ ನನ್ನ ನಾಲಗೆಗಿಂತ ಹೆಚ್ಚಾಗಿ ಕಿವಿ ಹಸಿದಿರುತ್ತದೆ.

ಈ ಹಸಿವಿಗೆ ಕನ್ನಡದಲ್ಲಿ ಏನೆನ್ನಬೇಕು? ನೆನಪು, ಬೇಜಾರು, ಹಂಬಲ ಎಲ್ಲ ಇವೆ, ಒಂದೂ ಹದವಾಗಿ ಕೂರುವುದಿಲ್ಲ. ಕೂರುವ ಪದ ಒಂದೇ, ತವರು. ಅದು ನನ್ನದಲ್ಲ. ನಮ್ಮಲ್ಲಿ ಹುಟ್ಟಿದ ಮನೆ ಬಿಡುತ್ತಿದ್ದವರು ಹೆಣ್ಣುಮಕ್ಕಳು. ಬಿಟ್ಟ ಮನೆಗೆ ಒಂದು ಹೆಸರು ಬೇಕಾದದ್ದೂ ಅವರಿಗೇ. ಗಂಡಸರು ಹುಟ್ಟಿದ ಜಗಲಿಯಲ್ಲೇ ಮುದುಕರಾದರು, ಅವರಿಗೆ ಪದ ಯಾಕೆ? ಈಗ ಗಂಡಸರ ಪೈಕಿ ಕ್ರಿಕೆಟ್ ತಂಡಕ್ಕೆ ಮಾತ್ರ ತವರು ಸಿಕ್ಕಿದೆ, ಅದೂ ಪತ್ರಿಕೆಯ ಆಟದ ಪುಟದಲ್ಲಿ. ತವರಿನಲ್ಲಿ ಸೋಲು ಎಂಬ ಶೀರ್ಷಿಕೆ ನೋಡಿದಾಗಲೆಲ್ಲ ಮಡಿಲಕ್ಕಿ ಕಟ್ಟಿಕೊಂಡು ಹೊರಟ ಹನ್ನೊಂದು ಜನ ನನ್ನ ಕಣ್ಣಮುಂದೆ ಬರುತ್ತಾರೆ.

ಅಜ್ಜಿಯ ತವರು ಶರಾವತಿಯ ದಂಡೆಯ ಒಂದು ಹಳ್ಳಿ. ನಮ್ಮನೆಯಿಂದ 30 ಕಿಲೋಮೀಟರ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಏರಿತು, ಮನೆ ತೋಟ ಗದ್ದೆ ಎಲ್ಲ ಮುಳುಗಿತು. ಅಣ್ಣ-ತಮ್ಮಂದಿರು ಸಿಕ್ಕ ಸಿಕ್ಕಲ್ಲಿಗೆ ಎದ್ದು ಹೋದರು. ಅಜ್ಜಿಗೆ ಹೋಫರ್‌ನ ಕೊನೆಯ ಮದ್ದೂ ಇಲ್ಲದಂತಾಯಿತು. ಊರಿಗೆ ಕಳಿಸಿ ಅಂದರೆ ಎಲ್ಲಿಗೆ ಕಳಿಸುವುದು?

ಆದರೂ ಅಜ್ಜಿ ಹೋಗುತ್ತಿದ್ದರು. ಸಿಗಂದೂರಿಗೆ ಹೋಗುವ ನೆಪ ಮಾಡಿ ಬೇಸಿಗೆಯಲ್ಲಿ ಅಪ್ಪನನ್ನು ಹೊರಡಿಸುವರು. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದ ಮೇಲೆ ಬಸ್ಸು, ಬೈಕುಗಳ ನಡುವೆ ಜಾಗ ಮಾಡಿಕೊಂಡು ಕಂಬಿ ಹಿಡಿದು ನಿಲ್ಲುವರು. ನೀರು ಇಳಿದಾಗ ಹಳೇ ಮರಗಳ ಬೊಡ್ಡೆಗಳು ಕಪ್ಪಗೆ ತಲೆ ಎತ್ತಿರುತ್ತಿದ್ದವು. ಅಜ್ಜಿ ನೀರಿನತ್ತ ಬೆರಳು ಮಾಡಿ, "ಅಗೋ, ಅಲ್ಲಿ ನಮ್ಮ ಕೊಟ್ಟಿಗೆ. ಈಚೆಗೆ ಬಚ್ಚಲು" ಎನ್ನುವರು. ಹೋದ ವರ್ಷ ಆಚೆ ದಡದಲ್ಲಿ ತೋರಿಸಿದ ಕೊಟ್ಟಿಗೆ ಈ ವರ್ಷ ಈಚೆಗೆ ಬಂದಿರುತ್ತಿತ್ತು. ಅಪ್ಪ, "ಆಯಿ, ನಿನ್ನ ತವರು ಲಾಂಚಿಗಿಂತ ಜೋರಾಗಿ ಓಡ್ತದೆ" ಎಂದು ನಗಾಡುವರು. ಅಜ್ಜಿ ಜಪ್ಪಯ್ಯ ಅನ್ನುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಪಕ್ಕದ ಮನೆಯವರು ಎಲ್ಲಿಗೆ ಹೋಗಿದ್ದು ಎಂದರೆ ಒಂದೇ ಉತ್ತರ: "ತವರಿಗೆ ಹೋಗಿದ್ದೆ."

2025ರ ಜುಲೈಯಲ್ಲಿ ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ದ್ವೀಪದ ಜನ ಹತ್ತಾರು ವರ್ಷ ಕಾದಿದ್ದರು, ರಾತ್ರಿ ಹೊತ್ತು ಬಸುರಿಯರನ್ನು ದಾಟಿಸಲು ಪಟ್ಟ ಪಾಡು ಅವರಿಗೇ ಗೊತ್ತು. ಅಮ್ಮ ಕಳಿಸಿದ ವಿಡಿಯೊ ನೋಡಿ ಒಳ್ಳೆಯದಾಯಿತು ಎಂದೆ, ಮನಸಾರೆಯೇ ಎಂದೆ. ಫೋನ್ ಇಟ್ಟ ಮೇಲೆ, ಸೇತುವೆಯ ಮೇಲೆ ಕಾರು ಇಷ್ಟು ಜೋರಾಗಿ ಹೋದರೆ ಅಜ್ಜಿ ಕೊಟ್ಟಿಗೆಯನ್ನು ಎಲ್ಲಿ ನಿಲ್ಲಿಸಿ ತೋರಿಸುತ್ತಿದ್ದರು ಎಂದು ಒಂದು ಯೋಚನೆ ಬಂತು.

ಹೋಫರ್‌ನ ಕಾಯಿಲೆ ಹೆಚ್ಚಾಗಿ ಅಂಟುತ್ತಿದ್ದದ್ದು ಪರದೇಶದ ರಾಜರ ಸೈನ್ಯಕ್ಕೆ ಕೂಲಿಗೆ ಹೋದ ಸ್ವಿಸ್ ಸಿಪಾಯಿಗಳಿಗಂತೆ. ಬೆಟ್ಟದ ಮೇಲೆ ದನ ಕರೆಯುವ ಹಾಡು ಕಿವಿಗೆ ಬಿದ್ದರೆ ಅವರು ಅಳುತ್ತಿದ್ದರು, ಸೈನ್ಯ ಬಿಟ್ಟು ಓಡುತ್ತಿದ್ದರು. ಹಾಗಾಗಿ ಪಾಳೆಯದಲ್ಲಿ ಅದನ್ನು ನುಡಿಸಿದವರಿಗೆ ಮರಣದಂಡನೆ ಎಂಬ ನಿಷೇಧವಿತ್ತು ಎಂದು ರೂಸೊ ಬರೆದಿದ್ದಾನೆ. ಇದನ್ನು ಓದಿದ ಮುಂದಿನ ಭಾನುವಾರ ನಾನು ಯೂರಾ ಬೆಟ್ಟಕ್ಕೆ ನಡೆಯಲು ಹೋದೆ. ತಿರುವಿನಲ್ಲಿ ಒಂದು ಹುಲ್ಲುಗಾವಲು, ಕರೆಂಟು ಹರಿಯುವ ತಂತಿ ಬೇಲಿ, ಅದರಾಚೆ ಏಳೆಂಟು ಕಂದು ಹಸುಗಳು. ನಮ್ಮ ಮಲೆನಾಡು ಗಿಡ್ಡ ಇವುಗಳ ಹೊಟ್ಟೆಯ ಕೆಳಗೇ ನುಸುಳಿ ಹೋದೀತು. ಪ್ರತಿಯೊಂದರ ಕೊರಳಲ್ಲೂ ತೆಂಗಿನಕಾಯಿ ಗಾತ್ರದ ಗಂಟೆ.

ನಮ್ಮಲ್ಲಿ ಕಟ್ಟುತ್ತಿದ್ದದ್ದು ಮರದ ಗಂಟೆ. ದನಿ ಬೇರೆ, ಕಾರಣ ಒಂದೇ: ಕತ್ತಲಾದರೂ ಹಟ್ಟಿಗೆ ಬಾರದ ದನವನ್ನು ಕಾಡಿನಲ್ಲಿ ಸದ್ದಿನ ಜಾಡು ಹಿಡಿದು ಹುಡುಕಬೇಕು. ಅಪ್ಪ ಬ್ಯಾಟರಿ ಹಿಡಿದು ಹಕ್ಕಲಿನಲ್ಲಿ ನಿಂತು, ಉಸಿರು ಬಿಗಿಹಿಡಿದು ಕಿವಿಗೊಡುತ್ತಿದ್ದದ್ದು ಹಾಗೇ ಕಣ್ಣಿಗೆ ಕಟ್ಟಿತು. ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಯಾರದೋ ದೇಶದ ಸಿಪಾಯಿಯ ಕಾಯಿಲೆ, ಅವನ ಊರಿನಲ್ಲೇ ಕೂತಿರುವ ನನಗೆ ಬಂದಿತ್ತು.

ಅಮ್ಮನಿಗೆ ಫೋನ್ ಮಾಡಿದೆ. ಇಲ್ಲಿ ಹನ್ನೊಂದು, ಅಲ್ಲಿ ಎರಡೂವರೆ.

"ಊಟ ಆಯ್ತಾ?" ಎಂದೆ.

"ಈಗ ಏಳ್ತಾ ಇದ್ದೆ. ಅದೆಂತ ಸದ್ದು? ಕೊಟ್ಟಿಗೇಲಿ ಇದ್ದೀಯ?"

"ಇಲ್ಲಿ ಯಾರದ್ದೋ ದನ ಅಮ್ಮ."

ನಮ್ಮನೆಯ ಕೊನೆಯ ಎರಡು ಹಸುಗಳನ್ನು ಅಪ್ಪ ತೀರಿಕೊಂಡ ವರ್ಷ ಕೊಟ್ಟುಬಿಟ್ಟಿದ್ದೆವು. ನೋಡಿಕೊಳ್ಳುವವರು ಇರಲಿಲ್ಲ. ಕೊಟ್ಟಿಗೆಯಲ್ಲಿ ಈಗ ಅಡಿಕೆ ಚೀಲ, ಹಳೇ ಪಂಪ್‌ಸೆಟ್ಟು, ವರ್ಷಕ್ಕೊಮ್ಮೆ ನಾನು ಬಂದಾಗ ನಿಲ್ಲಿಸುವ ಬಾಡಿಗೆ ಕಾರು. ಹೊಗೆ ಹಿಡಿದ ಜಂತಿಗೆ ಆ ಎರಡು ಮರದ ಗಂಟೆ ಇನ್ನೂ ನೇತಾಡುತ್ತಿವೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನೊಂಚೂರು ಹತ್ರ ಹಿಡಿ ಮಾರಾಯ" ಎಂದರು. ನಾನು ಎದ್ದು, ತಂತಿ ತಾಗದ ಹಾಗೆ ಕೈ ಉದ್ದ ಮಾಡಿ ಫೋನನ್ನು ಬೇಲಿಯಾಚೆ ಚಾಚಿ ನಿಂತೆ. ಹಸು ತಲೆ ಎತ್ತಿ ನನ್ನನ್ನು ನೋಡಿತು, ಗಂಟೆ ನಿಂತಿತು. ಅದು ಮತ್ತೆ ಮೇಯಲು ಬಗ್ಗುವವರೆಗೆ ಇಬ್ಬರೂ ಕಾದೆವು.